ಕಂಪನಿ ಲ್ಯಾಪ್‌ಟಾಪು, ಅಪ್ಪನ ಆಧಾರ್ ಕಾರ್ಡು

ಪೆದ್ದಕಡುಬೂರಿನ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಯ ಸಂಬಳ ಎಣಿಸಬಹುದು ಎಂದು ಹತ್ತು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ನಕ್ಕುಬಿಡುತ್ತಿದ್ದರು. ಕರ್ನೂಲು ಜಿಲ್ಲೆಯ ಈ ಪಡುವಣ ಸೀಮೆಯಲ್ಲಿ ಊರು ಬಿಟ್ಟು ಹೋಗುವುದೇ ರೂಢಿ. ಮಳೆ ಕೈಕೊಟ್ಟರೆ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು. ಓದಿದವರಾದರೆ ಬೆಂಗಳೂರಿಗೆ ಇಲ್ಲವೇ ಹೈದರಾಬಾದಿಗೆ. ಕೊರೊನಾ ಬಂದಾಗ ಓದಿದವರು ಲ್ಯಾಪ್‌ಟಾಪ್ ಹೊತ್ತುಕೊಂಡು ಹಿಂದಕ್ಕೆ ಬಂದರು. 2020ರ ನವೆಂಬರಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಕಾಲ್ ಸೆಂಟರ್ ಮತ್ತು ಬಿಪಿಒಗಳ ನಿಯಮ ಸಡಿಲಿಸಿ, ದೇಶದ ಯಾವ ಮೂಲೆಯಿಂದಾದರೂ ಕೆಲಸ ಮಾಡಬಹುದು ಎಂದಿತು. 2025ರ ಫೆಬ್ರುವರಿಯಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು, ಮನೆಯಿಂದ ಕೆಲಸ ಮಾಡುವ ಅವಕಾಶವನ್ನು, ಅದರಲ್ಲೂ ಹೆಣ್ಣುಮಕ್ಕಳಿಗೆ, ದೊಡ್ಡ ಪ್ರಮಾಣದಲ್ಲಿ ಒದಗಿಸುವ ಯೋಜನೆ ಇದೆ ಎಂದರು; ಐಟಿ ಕಚೇರಿಯ ಜಾಗ ಪಟ್ಟಣ ಮತ್ತು ಮಂಡಲ ಮಟ್ಟಕ್ಕೂ ಬರಬೇಕು ಎಂಬುದು ರಾಜ್ಯದ ಹೊಸ ಐಟಿ ನೀತಿಯ ಮಾತು.

ಕೆಲಸ ಮನೆಗೆ ಬಂತು. ಮೇಸ್ತ್ರಿಯೂ ಜೊತೆಗೇ ಬಂದ. ಹೊಲದ ಮೇಸ್ತ್ರಿಯಾದರೆ ಬದುವಿನ ಮೇಲೆ ನಿಂತಿರುತ್ತಾನೆ, ಕಣ್ಣಿಗೆ ಕಾಣುತ್ತಾನೆ, ಸಂಜೆಯಾದರೆ ಹೋಗುತ್ತಾನೆ. ಲ್ಯಾಪ್‌ಟಾಪಿನ ಒಳಗಿನವನು ಎಲ್ಲಿ ನಿಂತಿದ್ದಾನೆ, ಏನೇನು ನೋಡುತ್ತಿದ್ದಾನೆ, ಎಷ್ಟು ಹೊತ್ತಿಗೆ ಹೋಗುತ್ತಾನೆ ಎಂಬುದನ್ನು ಕೇಳುವ ಹಕ್ಕಾದರೂ ನೌಕರಳಿಗೆ ಇದೆಯೇ? ಕಾನೂನು ಓದಿದರೆ ಉತ್ತರ ಅರ್ಧಂಬರ್ಧ. ಆ ಅರ್ಧ ಎಲ್ಲಿಗೆ ನಿಲ್ಲುತ್ತದೆ ಎಂದು ತಿಳಿಯಲು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ.

ಪೆದ್ದಕಡುಬೂರಿನಲ್ಲಿ ಒಬ್ಬಳು ಹುಡುಗಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಕೆಲಸದಲ್ಲಿ ಇಂಗ್ಲಿಷು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿ ಆದೋನಿ, ಆಲೂರು, ರಾಯದುರ್ಗಗಳು ಆಂಧ್ರದಲ್ಲಿ ಉಳಿದ ಮೇಲೆ ಈ ಭಾಗದ ಎಷ್ಟೋ ಮನೆಗಳ ಕಥೆ ಇದೇ. ಬೆಂಗಳೂರಿನ ಕಂಪನಿಯೊಂದರ ಗ್ರಾಹಕ ಸೇವೆಯಲ್ಲಿ ಅವಳಿಗೆ ನೌಕರಿ. ಲ್ಯಾಪ್‌ಟಾಪ್ ಕಂಪನಿಯದು, ಫೋನ್ ಅವಳದು, ಕೆಲಸದ ಜಾಗ ನಡುಮನೆ. ಬೆಳಗ್ಗೆ ಹನ್ನೊಂದಕ್ಕೆ ಕರೆಂಟು ಹೋಯಿತು, ವೈಫೈ ಸತ್ತಿತು. ಫೋನಿನ ಹಾಟ್‌ಸ್ಪಾಟ್ ಹಾಕಿ ಮತ್ತೆ ಲಾಗಿನ್ ಆದಳು. ಅಷ್ಟರಲ್ಲಿ ಅಪ್ಪ ಒಂದು ಫೋಟೊ ಹಿಡಿದು ಬಂದ. "ಏ ತಾಯಿ, ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು ಕಳಿಸ್ಬೇಕಂತೆ, ಬೆಳೆಸಾಲ ರಿನ್ಯೂವಲ್ ಮಾಡೋದದ. ನಿನ್ ಕಂಪ್ಯೂಟರ್‌ನಾಗೆ ಹಾಕ್ಬಿಡು." ಅವಳು ಫೋಟೊವನ್ನು ಲ್ಯಾಪ್‌ಟಾಪಿಗೆ ಹಾಕಿ, ತನ್ನ ಸ್ವಂತ ಜಿಮೇಲ್ ತೆರೆದು, ಕಾರ್ಡಿನ ನಂಬರು ಟೈಪಿಸಿ ಬ್ಯಾಂಕಿಗೆ ಕಳಿಸಿದಳು. ಹತ್ತು ನಿಮಿಷದ ಕೆಲಸ. ಸಂಜೆ ಮ್ಯಾನೇಜರ್ ಫೋನು: "ಹನ್ನೊಂದು ಗಂಟೆಗೆ ನೀವು ಹೈದರಾಬಾದಿನಲ್ಲಿ ಏನು ಮಾಡ್ತಿದ್ರಿ? ಗ್ರಾಹಕರ ಆಧಾರ್ ಹೊರಗೆ ಹೋದ ಹಾಗೆ ಅಲರ್ಟ್ ಬಂದಿದೆ."

ಆ ಹತ್ತು ನಿಮಿಷದಲ್ಲಿ ಲ್ಯಾಪ್‌ಟಾಪ್ ಕಂಡದ್ದೇನು, ಕಂಡೆನೆಂದು ಭ್ರಮಿಸಿದ್ದೇನು ಎಂದು ಬಿಡಿಸಿ ನೋಡಬೇಕು.

ಮೊದಲು ಹೈದರಾಬಾದಿನ ವಿಷಯ. ಲಾಗಿನ್ ಆದ ಊರನ್ನು ಕಂಪನಿಯ ಭದ್ರತಾ ವ್ಯವಸ್ಥೆ ಸಾಮಾನ್ಯವಾಗಿ ಐಪಿ ವಿಳಾಸದಿಂದ ಊಹಿಸುತ್ತದೆ. ಮೊಬೈಲ್ ಡೇಟಾದಲ್ಲಿ ಆ ವಿಳಾಸ ಫೋನ್ ಇರುವ ಊರಿನದಲ್ಲ. ಟೆಲಿಕಾಂ ಕಂಪನಿಯ ಜಾಲ ಇಂಟರ್ನೆಟ್ಟಿಗೆ ತೆರೆದುಕೊಳ್ಳುವ ದೊಡ್ಡ ಕೇಂದ್ರದ್ದು. ಟೆಲಿಕಾಂ ಲೆಕ್ಕದಲ್ಲಿ ಆಂಧ್ರ, ತೆಲಂಗಾಣ ಇಂದಿಗೂ ಒಂದೇ ವಲಯ, ಹಾಗಾಗಿ ಪೆದ್ದಕಡುಬೂರಿನ ಫೋನು ಹೈದರಾಬಾದಿನದಾಗಿ ಕಾಣುವುದು ಸಹಜ. ವೈಫೈಯಲ್ಲಿ ಒಂದು ಊರು, ಐದು ನಿಮಿಷದ ಮೇಲೆ ಹಾಟ್‌ಸ್ಪಾಟಿನಲ್ಲಿ ನೂರಾರು ಕಿಲೋಮೀಟರ್ ಆಚೆಯ ಇನ್ನೊಂದು ಊರು. ಯಂತ್ರದ ಲೆಕ್ಕದಲ್ಲಿ ಅಷ್ಟು ಬೇಗ ಹೋಗಲು ಯಾರಿಂದಲೂ ಆಗದು. ಯಾರೋ ಪಾಸ್‌ವರ್ಡ್ ಕದ್ದಿದ್ದಾರೆ ಎಂಬ ಅನುಮಾನದಲ್ಲಿ ಅದು ಗಂಟೆ ಬಾರಿಸುತ್ತದೆ. ಕಳ್ಳನನ್ನು ಹಿಡಿಯಲು ಇಟ್ಟ ಗಂಟೆ ಅದು, ಒಳ್ಳೆಯ ಗಂಟೆಯೇ. ಅದನ್ನು ಹಾಜರಾತಿ ಪುಸ್ತಕ ಮಾಡಿಕೊಂಡಾಗ ಎಡವಟ್ಟು ಶುರುವಾಗುತ್ತದೆ.

ಎರಡನೆಯದು ಆಧಾರ್. ಮಾಹಿತಿ ಸೋರಿಕೆ ತಡೆಯುವ ತಂತ್ರಾಂಶಗಳಲ್ಲಿ ಕೆಲವು ನಮೂನೆಗಳನ್ನು ಮೊದಲೇ ತುಂಬಿಟ್ಟಿರುತ್ತಾರೆ. ಮೈಕ್ರೋಸಾಫ್ಟ್‌ನ ವ್ಯವಸ್ಥೆಯಲ್ಲಿ ಭಾರತದ ಆಧಾರ್ ಸಂಖ್ಯೆಯೂ ಇದೆ: 12 ಅಂಕಿ ಇರಬೇಕು, ಕೊನೆಯ ಅಂಕಿ ಒಂದು ಲೆಕ್ಕಕ್ಕೆ ತಾಳೆಯಾಗಬೇಕು. ತಾಳೆಯಾದರೆ ಅದು ಆಧಾರ್. ಗ್ರಾಹಕನದೋ, ಕಡಲೆಕಾಯಿ ಬೆಳೆಯುವ ಅಪ್ಪನದೋ ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಅದು ತಿಳಿಯಬೇಕಾದರೆ ಮನುಷ್ಯರೊಬ್ಬರು ಆ ಮೇಲ್ ತೆರೆದು ಓದಬೇಕು. ಖಾಸಗಿತನದ ಜಗಳ ನಿಜವಾಗಿ ಶುರುವಾಗುವುದು ಅಲ್ಲಿ. ಗಂಟೆ ಬಾರಿಸುವುದು ಬೇರೆ, ಬಾಗಿಲು ತೆರೆದು ಒಳಗೆ ಹೋಗುವುದು ಬೇರೆ.

ಅವಳ ಸ್ವಂತ ಜಿಮೇಲನ್ನು ಕಂಪನಿ ಓದಲು ಹೇಗೆ ಸಾಧ್ಯ ಎಂದು ಕೇಳಬಹುದು. ಬ್ರೌಸರ್ ಮತ್ತು ಗೂಗಲ್ ನಡುವಿನ ಮಾತು ಗೂಢಲಿಪಿಯಲ್ಲಿರುತ್ತದೆ, ನಿಜ. ಆದರೆ ಕಂಪನಿ ತನ್ನ ಲ್ಯಾಪ್‌ಟಾಪಿನಲ್ಲಿ ತನ್ನದೇ ಒಂದು ಪ್ರಮಾಣಪತ್ರ ಕೂರಿಸಿ ನಡುದಾರಿಯಲ್ಲಿ ಆ ಗೂಢಲಿಪಿಯನ್ನು ಬಿಚ್ಚಿ, ನೋಡಿ, ಮತ್ತೆ ಕಟ್ಟಿ ಕಳಿಸಬಲ್ಲದು. ಬ್ಯಾಂಕು, ಆಸ್ಪತ್ರೆಗಳ ತಾಣಗಳನ್ನು ಬಿಚ್ಚದೆ ಬಿಡುವ ಪದ್ಧತಿ ಅನೇಕ ಕಂಪನಿಗಳಲ್ಲಿದೆ. ಮೇಲ್‌ಗೆ ಆ ರಿಯಾಯಿತಿ ಸಿಗುವುದು ಕಡಿಮೆ. ಇದನ್ನು ಪತ್ತೆ ಮಾಡುವುದು ಸುಲಭ. ಕ್ರೋಮ್‌ನಲ್ಲಿ ಜಿಮೇಲ್ ತೆರೆದು, ವಿಳಾಸದ ಎಡಕ್ಕಿರುವ ಗುರುತು ಒತ್ತಿ, Connection is secure ಎಂಬಲ್ಲಿಂದ ಪ್ರಮಾಣಪತ್ರಕ್ಕೆ ಹೋಗಿ Issued By ನೋಡಿ. Google Trust Services ಎಂದಿದ್ದರೆ ನಡುವೆ ಯಾರೂ ಬಿಚ್ಚುತ್ತಿಲ್ಲ. ಅಲ್ಲಿ ನಿಮ್ಮ ಕಂಪನಿಯ ಹೆಸರೋ ಭದ್ರತಾ ಸಂಸ್ಥೆಯೊಂದರ ಹೆಸರೋ ಇದ್ದರೆ ಬಿಚ್ಚುತ್ತಿದ್ದಾರೆ. ವಿಳಾಸದ ಜಾಗದಲ್ಲಿ chrome://management ಎಂದು ಟೈಪಿಸಿದರೆ ಬ್ರೌಸರ್ ಯಾರ ಹಿಡಿತದಲ್ಲಿದೆ, ಏನೇನನ್ನು ವರದಿ ಮಾಡುತ್ತದೆ ಎಂಬ ಪಟ್ಟಿಯೂ ಬರುತ್ತದೆ. ಒಂದು ಎಚ್ಚರಿಕೆ: ಪರದೆಯ ಚಿತ್ರವನ್ನೇ ಹಿಡಿಯುವ ತಂತ್ರಾಂಶವಿದ್ದರೆ ಅದು ಈ ಎರಡರಲ್ಲೂ ಕಾಣದೆ ಹೋಗಬಹುದು.

ಇನ್ನು ಕಂಪನಿಯ ಮೇಲ್ ಮತ್ತು ಚಾಟ್. ಇದರ ಬಗ್ಗೆ ಭ್ರಮೆಯೇ ಬೇಡ. ಅಳಿಸಿದ ಮೇಲ್, ಟೀಮ್ಸ್‌ನಲ್ಲಿ ಇಬ್ಬರೇ ಆಡಿದ ಮಾತು, ಎಲ್ಲವನ್ನೂ ಕಂಪನಿ ನಿಗದಿಪಡಿಸಿದಷ್ಟು ಕಾಲ ಉಳಿಸಿಕೊಂಡು ಹುಡುಕಿ ತೆಗೆಯಬಹುದು. ಆದರೆ ಆ ಹುಡುಕಾಟ ಮಾಡಲು ಅಧಿಕಾರ ಪಡೆದವರು ಬೆರಳೆಣಿಕೆಯಷ್ಟು ಜನ ಇರಬೇಕು, ಅವರು ಹುಡುಕಿದ್ದಕ್ಕೂ ವ್ಯವಸ್ಥೆಯಲ್ಲಿ ದಾಖಲೆ ಬೀಳುತ್ತದೆ. ಮ್ಯಾನೇಜರನಿಗೆ ಬೇಸರವಾದಾಗಲೆಲ್ಲ ತೆರೆದು ನೋಡುವ ಪೆಟ್ಟಿಗೆ ಅದಲ್ಲ.

ನಮ್ಮ ಕಾಯ್ದೆಯ ಏಳನೇ ಕಲಂ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಅವರು 2012ರಲ್ಲಿ ಕೋರ್ಟಿಗೆ ಹೋಗಿದ್ದು ಆಧಾರ್ ವಿಷಯಕ್ಕೇ. ಆದರೆ ಆ ತೀರ್ಪು ಮುಖ್ಯವಾಗಿ ಸರ್ಕಾರದ ಕೈ ಹಿಡಿಯುವಂಥದ್ದು. ಖಾಸಗಿ ಕಂಪನಿಯ ಕೈ ಹಿಡಿಯಲು ಬೇರೆ ಕಾಯ್ದೆ ಬೇಕಿತ್ತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಹೊರಟವು, ಮುಖ್ಯ ಭಾಗಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಗಡುವು. ಅಂದರೆ 2027ರ ಮೇ.

ಈ ಕಾಯ್ದೆಯ ಹೆಗ್ಗಳಿಕೆ ಒಪ್ಪಿಗೆ. ಯಾರ ಮಾಹಿತಿ ತೆಗೆದುಕೊಳ್ಳುತ್ತೀರೋ ಅವರಿಗೆ ಮೊದಲು ನೋಟಿಸ್ ಕೊಡಿ, ಒಪ್ಪಿಗೆ ಪಡೆಯಿರಿ; ಆ ನೋಟಿಸನ್ನು ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ, ಎಂದರೆ ಕನ್ನಡದಲ್ಲೂ, ಓದುವ ಆಯ್ಕೆ ಇರಬೇಕು. ಚೆನ್ನಾಗಿದೆ. ಆದರೆ ಏಳನೇ ಕಲಮಿನಲ್ಲಿ ಒಪ್ಪಿಗೆ ಬೇಕಿಲ್ಲದ ಸಂದರ್ಭಗಳ ಪಟ್ಟಿ ಇದೆ. ಅದರ ಕೊನೆಯ ಸಾಲು ಉದ್ಯೋಗದ್ದು: ಉದ್ಯೋಗದ ಉದ್ದೇಶಕ್ಕಾಗಿ, ಇಲ್ಲವೇ ಮಾಲೀಕನನ್ನು ನಷ್ಟದಿಂದ, ಹೊಣೆಗಾರಿಕೆಯಿಂದ ಕಾಪಾಡುವುದಕ್ಕಾಗಿ, ಉದಾಹರಣೆಗೆ ಕಂಪನಿಯ ಬೇಹುಗಾರಿಕೆ ತಡೆಯಲು, ವ್ಯಾಪಾರ ರಹಸ್ಯ ಕಾಪಾಡಲು, ನೌಕರನ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಬಳಸಬಹುದು. ಒಪ್ಪಿಗೆ ಬೇಡವಾದ ಮೇಲೆ ಒಪ್ಪಿಗೆಗೆ ಅಂಟಿಕೊಂಡ ನೋಟಿಸೂ ಬೇಡ. ಇಷ್ಟು ಪತ್ರಿಕೆಗಳಲ್ಲಿ ಬಂದಿದೆ. ಅಷ್ಟಾಗಿ ಚರ್ಚೆಯಾಗದ್ದು ಇನ್ನೊಂದು. ನನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ ತೋರಿಸಿ ಎಂದು ಕೇಳುವ ಹಕ್ಕು ಹನ್ನೊಂದನೇ ಕಲಮಿನಲ್ಲಿದೆ, ತಿದ್ದಿ, ಅಳಿಸಿ ಎನ್ನುವ ಹಕ್ಕು ಹನ್ನೆರಡರಲ್ಲಿದೆ. ಇವೆರಡನ್ನೂ ಒಪ್ಪಿಗೆ ಕೊಟ್ಟು ಮಾಹಿತಿ ನೀಡಿದವರಿಗೆ ಎಂದೇ ಬರೆಯಲಾಗಿದೆ. ಒಪ್ಪಿಗೆಯನ್ನೇ ಕೇಳದೆ ಏಳನೇ ಕಲಮಿನ ಉದ್ಯೋಗದ ಸಾಲಿನ ಅಡಿ ಮಾಹಿತಿ ತೆಗೆದುಕೊಂಡರೆ ನೋಡುವ ಹಕ್ಕೂ ಇಲ್ಲ, ತಿದ್ದಿಸುವ ಹಕ್ಕೂ ಇಲ್ಲ. ಹೈದರಾಬಾದಿನಲ್ಲಿದ್ದೆ ಎಂಬ ತಪ್ಪು ದಾಖಲೆಯನ್ನು ಸರಿಪಡಿಸಿ ಎಂದು ನಮ್ಮ ಹುಡುಗಿ ಈ ಕಾಯ್ದೆ ತೋರಿಸಿ ಪಟ್ಟು ಹಿಡಿಯುವುದು ಕಷ್ಟ. ಕಿರಾಣಿ ಆ್ಯಪಿನ ಗಿರಾಕಿಗೆ ಇರುವ ಹಕ್ಕು ನೌಕರಳಿಗಿಲ್ಲ. ಕಾಯ್ದೆ ಬರೆದವರು ಇದನ್ನು ಗಮನಿಸದೆ ಬಿಟ್ಟರೋ ಗಮನಿಸಿಯೇ ಬಿಟ್ಟರೋ, ಪರಿಣಾಮ ಒಂದೇ.

ಹಾಗೆಂದು ಮಾಲೀಕನಿಗೆ ಪೂರ್ತಿ ಬಯಲು ಬಿಟ್ಟಿಲ್ಲ. ಸಂಗ್ರಹಿಸಿದ್ದನ್ನು ಭದ್ರವಾಗಿ ಇಡಬೇಕು. ಆ ಕರ್ತವ್ಯದಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೆ. ದೂರು ಹೇಳಿಕೊಳ್ಳುವ ವ್ಯವಸ್ಥೆ ನೌಕರರಿಗೂ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಸಾಲು ಹೇಳುವುದು ಉದ್ಯೋಗದ ಉದ್ದೇಶ ಎಂದು. ಅಪ್ಪ ಯಾರ ನೌಕರ? ಅವನ ಆಧಾರ್ ಸಂಖ್ಯೆ, ಪಾಸ್‌ಬುಕ್ಕಿನ ಪುಟ ಪರದೆಯ ಚಿತ್ರವಾಗಿ ಬೆಂಗಳೂರಿನ ಸರ್ವರಿನಲ್ಲಿ ಕೂತಿದ್ದರೆ ಅದನ್ನು ಯಾವ ಉದ್ಯೋಗದ ಉದ್ದೇಶಕ್ಕೆ ಜಮಾ ಹಾಕುವುದು? ಅಪ್ಪನಿಗೆ ನೋಟಿಸ್ ಕೊಟ್ಟಿಲ್ಲ, ಅವನು ಒಪ್ಪಿಲ್ಲ. ಅದೇ ಲ್ಯಾಪ್‌ಟಾಪಿನಲ್ಲಿ ಹತ್ತನೇ ತರಗತಿಯ ತಮ್ಮ ಪಾಠದ ವಿಡಿಯೊ ನೋಡಿದರೆ ಇನ್ನೂ ಗಂಟು: ಹದಿನೆಂಟರ ಒಳಗಿನವರನ್ನು ಹಿಂಬಾಲಿಸುವುದನ್ನು, ಅವರ ನಡವಳಿಕೆಯ ಮೇಲೆ ಕಣ್ಣಿಡುವುದನ್ನು ಒಂಬತ್ತನೇ ಕಲಂ ನಿಷೇಧಿಸುತ್ತದೆ. ಕಂಪನಿಯ ಲ್ಯಾಪ್‌ಟಾಪ್ ಮನೆಯವರಿಗೆ ಕೊಡಬಾರದು ಎಂಬ ಷರತ್ತನ್ನು ಕಂಪನಿ ಎತ್ತಿ ತೋರಿಸುತ್ತದೆ, ಅದು ನ್ಯಾಯವೂ ಹೌದು. ಆದರೆ ಷರತ್ತು ಮುರಿದವಳು ಮಗಳು, ಅಪ್ಪನಲ್ಲ. ಒಂದೇ ಕೋಣೆಯಲ್ಲಿ ಎಲ್ಲರೂ ಬದುಕುವ ಮನೆಗೆ ಪರದೆ ಹಿಡಿಯುವ ತಂತ್ರಾಂಶ ಕಳಿಸಿದ ಕಂಪನಿಗೂ ಹೀಗಾದೀತು ಎಂಬುದು ಮೊದಲೇ ಗೊತ್ತಿರಬೇಕಿತ್ತು ಎಂದು ನನ್ನ ವಾದ.

ಹೊಸ ಕಾಯ್ದೆ ಪೂರ್ತಿ ಜಾರಿಯಾಗುವ ತನಕ 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯೇ ಗತಿ. ಅದರಡಿಯ 2011ರ ನಿಯಮಗಳ ಪ್ರಕಾರ ಮುಖ, ಬೆರಳಚ್ಚಿನಂಥ ಜೈವಿಕ ಗುರುತು ಸೂಕ್ಷ್ಮ ಮಾಹಿತಿ. ಅದನ್ನು ಪಡೆಯಲು ಲಿಖಿತ ಒಪ್ಪಿಗೆ ಬೇಕು. ಮುಖ ನೋಡಿ ಹಾಜರಿ ಹಾಕುವ ತಂತ್ರಾಂಶಕ್ಕೆ ಇದು ಅನ್ವಯಿಸುತ್ತದೆ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು 66ಸಿ ಕಲಮಿನ ಅಪರಾಧ. ಲ್ಯಾಪ್‌ಟಾಪಿನಲ್ಲಿ ಉಳಿದುಹೋದ ಪಾಸ್‌ವರ್ಡ್ ಹಿಡಿದು ಮ್ಯಾನೇಜರನೊಬ್ಬ ಅವಳ ಸ್ವಂತ ಜಿಮೇಲಿಗೆ ಹೊಕ್ಕರೆ "ಲ್ಯಾಪ್‌ಟಾಪ್ ನಮ್ಮದು" ಎಂಬ ಉತ್ತರ ನಿಲ್ಲುವುದಿಲ್ಲ. ಲ್ಯಾಪ್‌ಟಾಪ್ ಕಂಪನಿಯದಿರಬಹುದು, ಆ ಖಾತೆ ಕಂಪನಿಯದಲ್ಲ.

ನಲವತ್ತೈದು ಪುಟದ ಮಾತುಕತೆ

ಮಾಲೀಕ ಎಲ್ಲಿಯವರೆಗೆ ನೋಡಬಹುದು ಎಂದು ಅಳೆಯಲು ನಮ್ಮ ಕೋರ್ಟುಗಳಲ್ಲಿ ಇನ್ನೂ ನೆಟ್ಟಗಿನ ಕೋಲು ತಯಾರಾಗಿಲ್ಲ. ಯುರೋಪಿನಲ್ಲಿ ಬಳಕೆಯಲ್ಲಿರುವ ಒಂದು ಕೋಲು ರುಮೇನಿಯಾದಿಂದ ಬಂದದ್ದು. ಬುಖಾರೆಸ್ಟಿನ ಕಂಪನಿಯೊಂದರಲ್ಲಿ ಬೊಗ್ದಾನ್ ಬರ್ಬುಲೆಸ್ಕು ಎಂಬ ಎಂಜಿನಿಯರ್ ಮಾರಾಟದ ಉಸ್ತುವಾರಿ ನೋಡುತ್ತಿದ್ದ. ಗಿರಾಕಿಗಳಿಗೆ ಉತ್ತರಿಸಲೆಂದು ಕಂಪನಿ ಹೇಳಿ ಯಾಹೂ ಮೆಸೆಂಜರ್ ಖಾತೆ ಮಾಡಿಸಿತ್ತು. ಸ್ವಂತ ಕೆಲಸಕ್ಕೆ ಕಂಪ್ಯೂಟರ್ ಬಳಸಬಾರದು ಎಂಬ ನಿಯಮ ಅಲ್ಲಿತ್ತು, ಅದು ಅವನಿಗೂ ಗೊತ್ತಿತ್ತು. 2007ರ ಜುಲೈ 5ರಿಂದ 13ರವರೆಗೆ ಕಂಪನಿ ಅವನ ಮಾತುಕತೆಯನ್ನು ದಾಖಲಿಸಿಕೊಂಡಿತು. ಕರೆಸಿ ಕೇಳಿದಾಗ, ಬರೀ ಕಂಪನಿ ಕೆಲಸಕ್ಕೆ ಬಳಸಿದ್ದೇನೆ ಎಂದು ಅವನು ಬರೆದುಕೊಟ್ಟ. ಕಂಪನಿ ನಲವತ್ತೈದು ಪುಟ ಮುಂದಿಟ್ಟಿತು. ಅದರಲ್ಲಿ ಅಣ್ಣತಮ್ಮನ ಜೊತೆ, ಮದುವೆ ಗೊತ್ತಾದ ಹುಡುಗಿಯ ಜೊತೆ ಆಡಿದ ಮಾತುಗಳಿದ್ದವು, ಕೆಲವು ತೀರ ಖಾಸಗಿ. ಆಗಸ್ಟ್ 1ರಂದು ನೌಕರಿ ಹೋಯಿತು.

ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಸಣ್ಣ ಪೀಠ 2016ರಲ್ಲಿ ಕಂಪನಿ ಮಾಡಿದ್ದು ಸರಿ ಎಂದಿತು. 2017ರ ಸೆಪ್ಟೆಂಬರ್ 5ರಂದು ಮಹಾಪೀಠ ಆರರ ಎದುರು ಹನ್ನೊಂದು ಮತಗಳಿಂದ ಅದನ್ನು ತಿರುಗಿಸಿತು. ನಿಯಮ ಮುರಿದ, ಸುಳ್ಳೂ ಹೇಳಿದ, ಆದರೂ ಗೆದ್ದ. ಅದು ಹೇಗೆ? ಮಹಾಪೀಠ ಕೇಳಿದ್ದು ಬೇರೆ ಪ್ರಶ್ನೆಗಳನ್ನು. ಕಣ್ಣಿಡುತ್ತೇವೆಂದು, ಮಾತಿನ ಒಳಹೂರಣವನ್ನೂ ಓದುತ್ತೇವೆಂದು ಮೊದಲೇ ತಿಳಿಸಿದ್ದರೇ? ಯಾವಾಗ ಯಾರ ಜೊತೆ ಮಾತಾಡಿದ ಎಂಬಷ್ಟೇ ಸಾಕಾಗುತ್ತಿರಲಿಲ್ಲವೇ, ಒಳಗಿನ ಮಾತನ್ನು ಓದಲು ಗಟ್ಟಿ ಕಾರಣವೇನಿತ್ತು? ಇನ್ನೂ ಹಗುರವಾದ ದಾರಿ ಇರಲಿಲ್ಲವೇ? ಓದಿದ್ದನ್ನು ಯಾವುದಕ್ಕೆ ಬಳಸಿದರು, ಅವನಿಗೆ ಯಾವ ರಕ್ಷಣೆ ಇತ್ತು? ಬಳಸಬೇಡ ಎಂದು ಹೇಳುವುದಕ್ಕೂ ಓದುತ್ತೇವೆ ಎಂದು ಹೇಳುವುದಕ್ಕೂ ಇರುವ ಅಂತರವೇ ಈ ತೀರ್ಪಿನ ಜೀವ. ಮಾಲೀಕನ ಆಜ್ಞೆ ಎಷ್ಟೇ ಬಿಗಿಯಿದ್ದರೂ ಕೆಲಸದ ಜಾಗದಲ್ಲಿ ಮನುಷ್ಯನ ಖಾಸಗಿ ಬದುಕನ್ನು ಸೊನ್ನೆಗೆ ಇಳಿಸಲಾಗದು ಎಂದೂ ಕೋರ್ಟು ಹೇಳಿತು. ಆ ತೀರ್ಪು ನಮ್ಮನ್ನು ಕಟ್ಟಿಹಾಕುವುದಿಲ್ಲ. ಆದರೆ ಯುರೋಪಿನ ಗಿರಾಕಿಗಳಿಗಾಗಿ ದುಡಿಯುವ ಬೆಂಗಳೂರಿನ ಕಂಪನಿಗಳು ತಮ್ಮ ನೀತಿ ಪತ್ರ ಬರೆಯುವಾಗ ಈ ಪ್ರಶ್ನೆಗಳನ್ನು ಪಕ್ಕದಲ್ಲಿಟ್ಟುಕೊಂಡರೆ ಒಳ್ಳೆಯದು.

ಮನೆಯಿಂದ ಮಾಡುವ ಕೆಲಸದ ಮೇಲೆ ನೇರವಾಗಿ ಬಂದ ತೀರ್ಪು ನೆದರ್ಲೆಂಡ್ಸಿನದು. ಅಮೆರಿಕದ ಫ್ಲಾರಿಡಾದ ಚೇತು ಎಂಬ ಕಂಪನಿ ಅಲ್ಲಿನ ನೌಕರನಿಗೆ ದಿನಕ್ಕೆ ಒಂಬತ್ತು ತಾಸು ಕ್ಯಾಮರಾ ತೆರೆದಿಟ್ಟುಕೋ ಎಂದಿತು. ಪರದೆಯನ್ನು ನೋಡುತ್ತಿದ್ದೀರಲ್ಲ, ಅಷ್ಟು ಸಾಕು ಎಂದು ಅವನು ಒಪ್ಪಲಿಲ್ಲ, ಕೆಲಸದಿಂದ ತೆಗೆದರು. 2022ರ ಸೆಪ್ಟೆಂಬರಿನಲ್ಲಿ ಕೋರ್ಟು ಅದನ್ನು ತಪ್ಪೆಂದಿತು. ಪರಿಹಾರದ ಒಂದು ಬಾಬತ್ತೇ 50,000 ಯೂರೊ. ನಮ್ಮ ನಡುಮನೆಗಳಲ್ಲಿ ಕ್ಯಾಮರಾ ಇನ್ನೂ ಸೂಕ್ಷ್ಮ. ಹೆಂಗಸರು ಖಾಸಗಿಯಾಗಿ ಇರುವ ಹೊತ್ತನ್ನು ನೋಡುವುದು, ಚಿತ್ರ ಹಿಡಿಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಜೈಲಿಗೆ ಹೋಗುವ ಅಪರಾಧ. ಅದು ಕಂಪನಿಯ ಸಾಫ್ಟ್‌ವೇರು ಎಂಬ ಕಾರಣಕ್ಕೆ ಆ ಕಲಂ ಪಕ್ಕಕ್ಕೆ ಸರಿಯುವುದಿಲ್ಲ.

ಫ್ರಾನ್ಸಿನ ದತ್ತಾಂಶ ಸಂರಕ್ಷಣಾ ಪ್ರಾಧಿಕಾರ 2024ರ ಡಿಸೆಂಬರಿನಲ್ಲಿ ಒಂದು ರಿಯಲ್ ಎಸ್ಟೇಟ್ ಕಂಪನಿಗೆ 40,000 ಯೂರೊ ದಂಡ ಹಾಕಿದ್ದು ಕರೆಂಟು ಹೋಗುವ ಊರಿನವರು ಓದಬೇಕಾದದ್ದು. ಮೂರರಿಂದ ಹದಿನೈದು ನಿಮಿಷ ಕೀಲಿಮಣೆ, ಮೌಸ್ ಅಲುಗದಿದ್ದರೆ ಅಲ್ಲಿನ ತಂತ್ರಾಂಶ ಅದನ್ನು ಸುಮ್ಮನೆ ಕೂತ ಹೊತ್ತು ಎಂದು ಬರೆದುಕೊಳ್ಳುತ್ತಿತ್ತು. ಫೋನಿನಲ್ಲಿ ಮಾತಾಡುವಾಗ, ಸಭೆಯಲ್ಲಿ ಕೂತಾಗ ಕೈ ಅಲುಗುವುದಿಲ್ಲ, ಆದರೂ ಅದು ಕೆಲಸವೇ. ಹೀಗೆ ಅಳೆದದ್ದು ಕೆಲಸದ ಅಳತೆಯಾಗದು ಎಂದಿತು ಪ್ರಾಧಿಕಾರ. ಪರದೆಯ ಚಿತ್ರಗಳಲ್ಲಿ ಖಾಸಗಿ ಮೇಲ್, ಪಾಸ್‌ವರ್ಡ್ ಸಿಕ್ಕಿಬೀಳುವ ಅಪಾಯವನ್ನೂ ಎತ್ತಿ ಹೇಳಿತು.

ಸ್ವಂತ ಫೋನು

ಲ್ಯಾಪ್‌ಟಾಪಾದರೂ ಕಂಪನಿಯದು. ಫೋನು ಅವಳ ದುಡ್ಡಿನದು, ಅದಕ್ಕೆ ಕಂಪನಿಯ ಮೇಲ್ ಹಾಕುವಾಗ ಹೆಚ್ಚು ಎಚ್ಚರ ಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಇದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದರಲ್ಲಿ ಕೆಲಸದ ಆ್ಯಪುಗಳಿಗೆ ಪ್ರತ್ಯೇಕ ಕೋಣೆ, ವರ್ಕ್ ಪ್ರೊಫೈಲ್. ಅವುಗಳ ಗುರುತಿನ ಮೇಲೆ ಪುಟ್ಟ ಬ್ರೀಫ್‌ಕೇಸ್ ಕಾಣುತ್ತದೆ. ಕಂಪನಿಯ ಕೈ ಆ ಕೋಣೆಯೊಳಗೆ ಮಾತ್ರ. ಅವಳ ಫೋಟೊ, ವಾಟ್ಸ್ಆ್ಯಪ್, ಸ್ವಂತ ಆ್ಯಪುಗಳ ಒಳಗಿನದು ಅದಕ್ಕೆ ಕಾಣುವುದಿಲ್ಲ. ನೌಕರಿ ಬಿಟ್ಟರೆ ಅಳಿಸಬಹುದಾದ್ದೂ ಆ ಕೋಣೆಯನ್ನಷ್ಟೆ. ಸಂಜೆ ಅದನ್ನು ನಿಲ್ಲಿಸಿಡುವ ಗುಂಡಿಯೂ ಇದೆ. ಇನ್ನೊಂದು ದಾರಿಯಲ್ಲಿ ಮೇಲ್ ಹಾಕುವಾಗಲೇ ಒಂದು ಪರದೆ ಬರುತ್ತದೆ, ಅದರಲ್ಲಿ Erase all data, Lock the screen ಎಂಬ ಸಾಲುಗಳಿರುತ್ತವೆ. ಅವಸರದಲ್ಲಿ Activate ಒತ್ತಿದರೆ ಇಡೀ ಫೋನನ್ನು ಅಳಿಸುವ ಅಧಿಕಾರವನ್ನು ಕೊಟ್ಟಂತೆ. ಕಂಪನಿ ಬಿಟ್ಟ ದಿನ ಮನೆಯ ಮದುವೆ ಫೋಟೊಗಳೂ ಹೋಗಬಹುದು. ಸೆಟ್ಟಿಂಗ್ಸಿನಲ್ಲಿ Device admin apps ಎಂದು ಹುಡುಕಿದರೆ ಈಗಾಗಲೇ ಯಾರಿಗೆ ಆ ಅಧಿಕಾರ ಇದೆ ಎಂದು ಕಾಣುತ್ತದೆ. ಇಡೀ ಫೋನು ಕೇಳುವ ಕಂಪನಿಯಿಂದ ಬೇರೆ ಫೋನನ್ನೇ ಕೇಳುವುದು ಸರಿ. 2022ರಲ್ಲಿ ಆಂಧ್ರದ ಸರ್ಕಾರಿ ಶಾಲಾ ಶಿಕ್ಷಕರು ಮುಖ ನೋಡಿ ಹಾಜರಿ ಹಾಕುವ ಆ್ಯಪನ್ನು ಸ್ವಂತ ಫೋನಿಗೆ ಹಾಕುವುದಿಲ್ಲ ಎಂದು ಎದ್ದು ನಿಂತಾಗ ಅವರು ಕೇಳಿದ್ದೂ ಅದನ್ನೇ: ಬೇಕಾದರೆ ಸರ್ಕಾರವೇ ಫೋನು ಕೊಡಲಿ.

ನಮ್ಮ ಹುಡುಗಿಯ ವಿಷಯಕ್ಕೆ ಬರೋಣ. ಮ್ಯಾನೇಜರನ ಫೋನಿಗೆ ಅವಳು ಫೋನಿನಲ್ಲೇ ಅಳುಮೋರೆಯಿಂದ ಉತ್ತರಿಸುವುದಕ್ಕಿಂತ ಎಚ್‌ಆರ್‌ಗೆ ಮೇಲ್ ಬರೆಯುವುದು ಒಳ್ಳೆಯದು. ಹನ್ನೊಂದಕ್ಕೆ ಕರೆಂಟು ಹೋಗಿ ಮೊಬೈಲ್ ಡೇಟಾಕ್ಕೆ ಬದಲಾದೆ, ಅದರಿಂದ ಊರು ತಪ್ಪಾಗಿ ಕಂಡಿದೆ. ಎರಡೂ ಲಾಗಿನ್ನಿನಲ್ಲಿ ಸಾಧನ ಒಂದೇ ಎಂಬುದನ್ನು ಲಾಗ್ ನೋಡಿ ಖಚಿತಪಡಿಸಿಕೊಳ್ಳಿ. ಹೋದ ಆಧಾರ್ ನನ್ನ ತಂದೆಯದು, ಗ್ರಾಹಕರದಲ್ಲ. ಲ್ಯಾಪ್‌ಟಾಪಿನಲ್ಲಿ ಮನೆಯ ಕೆಲಸ ಮಾಡಿದ್ದು ನನ್ನ ತಪ್ಪು, ಇನ್ನು ಮಾಡುವುದಿಲ್ಲ. ಪರಿಶೀಲನೆ ಮುಗಿದ ಮೇಲೆ ಆ ಫೈಲು, ಆ ಹೊತ್ತಿನ ಪರದೆಯ ಚಿತ್ರಗಳನ್ನು ಅಳಿಸಿ, ಅಳಿಸಿದ್ದನ್ನು ತಿಳಿಸಿ. ಇದರ ಜೊತೆ ಮೂರು ಪ್ರಶ್ನೆ ಸೇರಿಸಬಹುದು: ಪರದೆಯ ಚಿತ್ರ ಹಿಡಿಯುತ್ತೀರಾ, ಹಿಡಿದರೆ ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತೀರಿ. ಉತ್ತರ ಕೊಡಲೇಬೇಕು ಎಂದು ಕಾಯ್ದೆ ಒತ್ತಾಯಿಸದಿರಬಹುದು. ಆದರೆ ಕೇಳಿದ್ದು ಬರಹದಲ್ಲಿ ಇರುತ್ತದೆ, ಮುಂದೆ ಇದೇ ಅಲರ್ಟಿನ ಮೇಲೆ ಕೆಲಸದಿಂದ ತೆಗೆದರೆ ಕಾರ್ಮಿಕ ಇಲಾಖೆಯ ಮುಂದೋ ಕೋರ್ಟಿನ ಮುಂದೋ ಇಡಲು ಅವಳ ಕೈಯಲ್ಲೂ ಒಂದು ಕಾಗದ ಇರುತ್ತದೆ. ಆ ಮೇಲ್‌ನ ಒಂದು ಪ್ರತಿಯನ್ನು ಮುದ್ರಿಸಿ ಮನೆಯಲ್ಲಿಟ್ಟುಕೊಳ್ಳಬೇಕು. ತನ್ನ ಜಿಮೇಲಿಗೆ ಕಳಿಸಿಕೊಂಡರೆ ಕಂಪನಿಯ ದಾಖಲೆ ಹೊರಗೆ ಹೋಯಿತೆಂದು ಇನ್ನೊಂದು ಅಲರ್ಟ್ ಏಳಬಹುದು.